ದೀಪಾವಳಿಗೆ ಹಾಕಿದ್ದು ಎರಡೇ ಲೀವ್, ಲೆಕ್ಕಕ್ಕೆ ಬಂದಿದ್ದು ಐದು. ಸ್ಯಾಂಡ್‌ವಿಚ್ ರೂಲ್ ಅಂದ್ರೆ ಇದೇನಾ?

ಸಾಗರದ_ಸಚಿ
ಎಲ್ರಿಗೂ ನಮಸ್ಕಾರ. ಬೆಳ್ಳಂದೂರ ಹತ್ರ ಒಂದು ಕಂಪನೀಲಿ ಸಪೋರ್ಟ್ ಕೆಲಸ ನಂದು, ಸೇರಿ ಒಂದೂವರೆ ವರ್ಷ ಆಯ್ತು. ಈ ಸಲ ದೊಡ್ಡಬ್ಬಕ್ಕೆ ಊರಿಗೆ ಹೋಗಿದ್ದೆ. ಅಕ್ಟೋಬರ್ 20 ಸೋಮವಾರ ನರಕಚತುರ್ದಶಿ ರಜೆ, 22 ಬುಧವಾರ ಬಲಿಪಾಡ್ಯಮಿ ರಜೆ, ಎರಡೂ ನಮ್ಮ ಆಫೀಸಿನ ಲಿಸ್ಟಲ್ಲಿ ಇತ್ತು. ಅದಕ್ಕೆ ನಾನು 17 ಶುಕ್ರವಾರಕ್ಕೆ ಒಂದು ಸಿಎಲ್ ಹಾಕ್ದೆ, ಮಧ್ಯ ಸಿಕ್ಕಾಕೊಂಡಿದ್ದ 21 ಮಂಗಳವಾರಕ್ಕೆ ಒಂದು ಇಎಲ್ ಹಾಕ್ದೆ. ಬೇರೆ ಬೇರೆ ಅಪ್ಲಿಕೇಶನ್, ಎರಡೂ ಮ್ಯಾನೇಜರ್ ಅಪ್ರೂವ್ ಮಾಡಿದ್ರು, ಪೋರ್ಟಲಲ್ಲೂ ಎರಡೇ ದಿನ ತೋರಿಸ್ತಿತ್ತು. ಗುರುವಾರ ಬೆಳಿಗ್ಗೆ ಬಸ್ ಇಳಿದವನೇ ರೂಮಿಗೆ ಹೋಗಿ ಮುಖ ತೊಳ್ಕೊಂಡು ಲಾಗಿನ್ ಆದೆ.

ನಿನ್ನೆ ಪೇಸ್ಲಿಪ್ ಬಂತು. ಮೂರು ದಿನ ಎಲ್‌ಒಪಿ, ಸಂಬಳ ಇಲ್ಲದ ರಜೆ ಅಂತೆ! ಗ್ರಾಸ್ 45,000, ಅದ್ರಲ್ಲಿ 5,870 ರೂಪಾಯಿ ಹೋಗಿದೆ. ಎಚ್‌ಆರ್ ಹತ್ರ ಕೇಳಿದ್ರೆ ಒಂದೇ ಸಾಲು, 'ಸ್ಯಾಂಡ್‌ವಿಚ್ ಪಾಲಿಸಿ ಅಪ್ಲೈ ಆಗಿದೆ'. ಶನಿವಾರ ಭಾನುವಾರ ನಾನು ರಜೆ ಕೇಳೇ ಇಲ್ಲ, ಸೋಮವಾರ ಆಫೀಸೇ ಬಾಗಿಲು ಹಾಕಿತ್ತು, ಆ ದಿನಕ್ಕೆ ನನ್ನ ಸಂಬಳ ಹೆಂಗೆ ಕಟ್ ಮಾಡ್ತಾರೆ? ನನ್ನ ಬ್ಯಾಲೆನ್ಸಲ್ಲಿ ಸರಿಯಾಗಿ ಎರಡೇ ಲೀವ್ ಉಳಿದಿತ್ತು, ಅದನ್ನ ನೋಡ್ಕೊಂಡೇ ಪ್ಲಾನ್ ಮಾಡಿದ್ದು.

ರಾಜಾಜಿನಗರ_ರಘು
ಗುರು, ಇದು ಎಲ್ಲಾ ಕಡೆ ಇದೆ. ಶುಕ್ರವಾರ ಲೀವ್ ಹಾಕಿದ್ರೆ ಶನಿ ಭಾನು ಹೋಗತ್ತೆ, ಸೋಮವಾರ ಹಾಕಿದ್ರೂ ಹೋಗತ್ತೆ. ಅದಕ್ಕೇ ನಾನು ಯಾವಾಗ್ಲೂ ಮಂಗಳವಾರದಿಂದ ಗುರುವಾರದೊಳಗೇ ಲೀವ್ ಹಾಕೋದು, ವೀಕೆಂಡ್ ಮುಟ್ಟೋ ಹಾಗೇ ಇಲ್ಲ. ಹೊಸಬರಿಗೆ ಯಾರೂ ಇದನ್ನ ಹೇಳಲ್ಲ ಅಷ್ಟೇ.

ಬೇಸತ್ತ_ಬೆಂಗಳೂರಿಗ
ಹಬ್ಬಕ್ಕೆ ಊರಿಗೆ ಹೋಗೋದೇ ತಪ್ಪು ಅನ್ನೋ ಕಂಪನಿ. ಪೇಪರ್ ಹಾಕಿ ಬಾ ಅತ್ಲಾಗೆ.

ಸಾಗರದ_ಸಚಿ
ಪೇಪರ್ ಹಾಕಿದ್ರೆ ನೋಟಿಸ್ ಪೀರಿಯಡ್ ಮೂರು ತಿಂಗಳು ಅಣ್ಣ, ಅದ್ರಲ್ಲಿ ಲೀವೇ ಇಲ್ಲ 😅

ಪೇರೋಲ್_ಪದ್ಮಕ್ಕ
ಹದಿನಾಲ್ಕು ವರ್ಷದಿಂದ ಪೇರೋಲ್ ಕೆಲಸ ಮಾಡ್ತಿದೀನಿ, ಪ್ರತಿ ನವೆಂಬರ್ ಮೊದಲ ವಾರ ಈ ಪ್ರಶ್ನೆ ತಪ್ಪಿದ್ದಲ್ಲ.

ರಘು ಅವರೇ, ನೀವು ಹೇಳಿದ್ದು ಅರ್ಧ ಸರಿ. ಬರೀ ಶುಕ್ರವಾರ ಲೀವ್ ಹಾಕಿ ಸೋಮವಾರ ಕೆಲಸಕ್ಕೆ ಬಂದ್ರೆ ಸಾಮಾನ್ಯವಾಗಿ ಶನಿ ಭಾನು ಕಟ್ಟಾಗಲ್ಲ. ಎರಡೂ ಕಡೆ ಲೀವ್ ಇರಬೇಕು, ಮಧ್ಯ ರಜೆ ಸಿಕ್ಕಾಕೊಳ್ಳಬೇಕು, ಬ್ರೆಡ್ಡು ಎರಡು ಇದ್ರೇ ತಾನೇ ಸ್ಯಾಂಡ್‌ವಿಚ್. ಒಂದೇ ಕಡೆ ಇದ್ರೂ ಕಟ್ ಮಾಡೋ ಕಂಪನಿಗಳು ಇವೆ, ಆದ್ರೆ ಅಲ್ಲಿ ಬಹುಪಾಲು ಅದು ಹೇಳದೆ ಕೇಳದೆ ಗೈರಾದವರಿಗೆ ಇಟ್ಟಿರೋ ನಿಯಮ, ಅಪ್ರೂವ್ ಆದ ಲೀವಿಗಲ್ಲ. ನೀವು ಇಷ್ಟು ವರ್ಷ ಸುಮ್ನೆ ಬುಧವಾರ ರಜೆ ಹಾಕ್ಕೊಂಡು ಮನೇಲಿ ಕೂತಿದ್ರೇನೋ, ಒಂದ್ಸಲ ನಿಮ್ಮ ಪಾಲಿಸಿ ಓದಿ.

ಈಗ ಸಚಿ ಕೇಸು. ಕ್ಯಾಲೆಂಡರ್ ಮುಂದೆ ಇಟ್ಕೊಂಡು ಎಣಿಸಿ. 17 ಶುಕ್ರ ಲೀವ್. 18, 19 ವೀಕಾಫ್. 20 ಹಬ್ಬದ ರಜೆ. 21 ಮಂಗಳ ಲೀವ್. ಅಂದ್ರೆ ಒಂದು ಲೀವಿಂದ ಇನ್ನೊಂದು ಲೀವಿನವರೆಗೆ ಮಧ್ಯ ನೀವು ಒಂದು ದಿನಾನೂ ಕೆಲಸ ಮಾಡಿಲ್ಲ, ಹಾಗಾಗಿ ರೂಲ್ ಪ್ರಕಾರ 17ರಿಂದ 21ರವರೆಗೆ ಪೂರ್ತಿ ಐದು ದಿನ ಲೀವ್. ಎರಡು ಬ್ಯಾಲೆನ್ಸಿಂದ ಹೋಯ್ತು, ಉಳಿದ ಮೂರಕ್ಕೆ ಬ್ಯಾಲೆನ್ಸ್ ಇಲ್ಲ, ಅದಕ್ಕೆ ಎಲ್‌ಒಪಿ. ದಿನದ ಎಣಿಕೆ ಅವರ ರೂಲ್ ಪ್ರಕಾರ ತಪ್ಪಿಲ್ಲ. ರೂಲೇ ಸರಿನಾ ಅನ್ನೋದು ಬೇರೆ ಮಾತು, ಅದಕ್ಕೆ ಆಮೇಲೆ ಬರ್ತೀನಿ.

ಆದ್ರೆ 5,870 ಅನ್ನೋ ನಂಬರ್ ನನಗೆ ಸರಿ ಕಾಣ್ತಿಲ್ಲ. ಪೇಸ್ಲಿಪ್ಪಲ್ಲಿ ಒಟ್ಟು ದಿನ ಎಷ್ಟು, ಸಂಬಳದ ದಿನ ಎಷ್ಟು ಅಂತ ಹಾಕಿದಾರೆ ನೋಡಿ ಹೇಳಿ.

ಗುಮಾಸ್ತ_ಗಣಪ
ನಮ್ಮ ಇಲಾಖೇಲಿ ಹಿಂಗೆಲ್ಲ ಇಲ್ಲ ನೋಡಿ. ಸಾಂದರ್ಭಿಕ ರಜೆ ಹಾಕಿದ್ರೆ ಮಧ್ಯ ಬರೋ ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಇದೇ ದೀಪಾವಳಿಗೆ ನಾನೂ 18 ಶನಿವಾರ ಮತ್ತು 21 ಸಿಎಲ್ ಹಾಕಿದ್ದೆ, ಎರಡೇ ಹೋಗಿದ್ದು. ಹಾಗಾಗಿ ನಿಮ್ಮ ಎಚ್‌ಆರ್‌ಗೆ ಕೆಸಿಎಸ್‌ಆರ್ ನಿಯಮ ತೋರಿಸಿ.

ಪೇರೋಲ್_ಪದ್ಮಕ್ಕ
ಗಣಪ ಅವರೇ, ಕೆಸಿಎಸ್‌ಆರ್ ರಾಜ್ಯ ಸರ್ಕಾರಿ ನೌಕರರಿಗೆ, ಬೆಳ್ಳಂದೂರಿನ ಖಾಸಗಿ ಕಂಪನಿಗೆ ಅದನ್ನ ತೋರಿಸಿದ್ರೆ ಅವ್ರು ಕಾಫಿ ಕುಡಿಸಿ ಕಳಿಸ್ತಾರೆ. ಮತ್ತೆ ನಿಮ್ಮಲ್ಲೂ ಗಳಿಕೆ ರಜೆಗೆ ಹಾಗಿಲ್ವಲ್ಲ?

ಗುಮಾಸ್ತ_ಗಣಪ
ಹೌದು ಗಳಿಕೆ ರಜೆ ಬೇರೆ. ಅದ್ರಲ್ಲಿ ಮಧ್ಯದ ಭಾನುವಾರ ಎಲ್ಲ ಸೇರ್ಕೊಳ್ಳತ್ತೆ, ಹತ್ತು ದಿನ ಅಂದ್ರೆ ಕ್ಯಾಲೆಂಡರಲ್ಲಿ ಹತ್ತು ದಿನ. ಮುಂದೆ ಹಿಂದೆ ಇರೋ ರಜೆ ಮಾತ್ರ ಅನುಮತಿ ತಗೊಂಡು ಸೇರಿಸ್ಕೋಬಹುದು, ಅರ್ಜಿಯಲ್ಲೇ ಬರೀಬೇಕು. ಅದನ್ನ ಬರೆಯೋಕೆ ಮರೆತು ನಮ್ಮ ಸೆಕ್ಷನ್ನಲ್ಲಿ ಒಬ್ರು ಒದ್ದಾಡಿದ್ದು ನೆನಪಿದೆ. ಸಿಎಲ್ಲೂ ಮೊದಲು ಹದಿನೈದಿತ್ತು, 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಹತ್ತಕ್ಕೆ ಇಳಿಸಿದ್ರು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳೋದು ನಿಮ್ಮ ಕಂಪನಿಗಳಿಗೆ ಮಾತ್ರ ಗೊತ್ತು ಅನ್ಕೋಬೇಡಿ.

ಹಾಂ, ಪ್ರಶ್ನೆ ಖಾಸಗಿ ಕಂಪನಿದು ಅಂತ ಈಗ ಓದ್ಕೊಂಡೆ. ಇರ್ಲಿ.

ಸಾಗರದ_ಸಚಿ
ಪದ್ಮಕ್ಕ, ಪೇಸ್ಲಿಪ್ಪಲ್ಲಿ ತಿಂಗಳ ದಿನ 31, ಸಂಬಳದ ದಿನ 28, ಎಲ್‌ಒಪಿ 3 ಅಂತಿದೆ. ಕಟ್ ಆದ ಮೊತ್ತ 5,870.

ಇನ್ನೊಂದು ಡೌಟು, ಬುಧವಾರ ಯಾಕೆ ಕಟ್ಟಾಗ್ಲಿಲ್ಲ? ಮಂಗಳವಾರ ಲೀವ್, ಬುಧವಾರ ರಜೆ. ಕೇಳೋಕೂ ಭಯ ಆಗ್ತಿದೆ, ಕೇಳಿದ್ರೆ ಅದನ್ನೂ ಕಟ್ ಮಾಡಿಬಿಟ್ರೆ ಅಂತ.

ಪೇರೋಲ್_ಪದ್ಮಕ್ಕ
ಭಯ ಬೇಡ. ಬುಧವಾರದ ಆಚೆ ಗುರುವಾರ ನೀವು ಕೆಲಸಕ್ಕೆ ಬಂದ್ರಿ, ಆ ಕಡೆ ಬ್ರೆಡ್ಡೇ ಇಲ್ಲ. ತುದೀಲಿರೋ ರಜೆ ರಜೆಯಾಗೇ ಉಳಿಯತ್ತೆ. ಅದೇ ನಿಮ್ಮ ಬಸ್ಸು ಕೈಕೊಟ್ಟು ಗುರುವಾರಾನೂ ಲೀವ್ ಆಗಿದ್ರೆ 17ರಿಂದ 23, ಪೂರ್ತಿ ಏಳು ದಿನ ಆಗ್ತಿತ್ತು. ಒಂದು ದಿನ ತಡ ಆಗಿದ್ದಕ್ಕೆ ಎರಡು ದಿನ ಹೋಗ್ತಿತ್ತು.

ಈಗ ದುಡ್ಡಿನ ವಿಷಯ, ಇದನ್ನ ನಿಧಾನವಾಗಿ ಓದಿ. ಒಂದು ದಿನದ ಸಂಬಳ ಕಂಡುಹಿಡಿಯೋಕೆ ತಿಂಗಳ ಸಂಬಳನ ಯಾವುದೋ ಒಂದು ಸಂಖ್ಯೆಯಿಂದ ಭಾಗಿಸ್ತಾರೆ. ಕೆಲವು ಕಡೆ ಆ ತಿಂಗಳ ಕ್ಯಾಲೆಂಡರ್ ದಿನ, ಅಕ್ಟೋಬರ್‌ಗೆ 31. ಕೆಲವು ಕಡೆ ಯಾವಾಗ್ಲೂ 30. ಕೆಲವು ಕಡೆ ಶನಿ ಭಾನು ಬಿಟ್ಟು ಉಳಿದ ದಿನ, ಈ ಅಕ್ಟೋಬರಲ್ಲಿ ಅದು 23. ಯಾವುದನ್ನಾದ್ರೂ ಇಟ್ಕೊಳ್ಲಿ, ಅದು ಅವರವರ ಪದ್ಧತಿ.

45,000ನ 31ರಿಂದ ಭಾಗಿಸಿದ್ರೆ ದಿನಕ್ಕೆ 1,452 ಹತ್ರ ಬರತ್ತೆ, ಮೂರು ದಿನಕ್ಕೆ 4,355. ನಿಮಗೆ ಕಟ್ಟಾಗಿರೋದು 5,870, ಅದನ್ನ ಮೂರರಿಂದ ಭಾಗಿಸಿ, 1,957 ಹತ್ರ ಬರತ್ತೆ. 45,000 ಭಾಗಿಸು 23, ಅಲ್ಲಿಗೇ ಬಂತು. ಅಂದ್ರೆ ಪೇಸ್ಲಿಪ್ಪಲ್ಲಿ 31 ಅಂತ ತೋರಿಸಿ ಒಳಗೆ 23ರಿಂದ ಭಾಗಿಸಿದಾರೆ.

ಇದ್ರಲ್ಲಿ ತಪ್ಪೇನು ಅಂದ್ರೆ, 23ರಿಂದ ಭಾಗಿಸೋದು ಅಂದ್ರೆ ನಿಮ್ಮ ಸಂಬಳ ಪೂರ್ತಿ ಸೋಮವಾರದಿಂದ ಶುಕ್ರವಾರಕ್ಕೇ ಸೇರಿದ್ದು, ಶನಿವಾರ ಭಾನುವಾರಕ್ಕೆ ಸೊನ್ನೆ ಅಂತ ಒಪ್ಪಿಕೊಂಡ ಹಾಗೆ. ಸೊನ್ನೆ ಸಂಬಳದ ದಿನಕ್ಕೆ 1,957 ಹೆಂಗೆ ಕಟ್ ಮಾಡ್ತಾರೆ? ಆ ಲೆಕ್ಕದಲ್ಲಿ ಹೋದ್ರೆ ಸೋಮವಾರದ ಒಂದು ದಿನ ಮಾತ್ರ ಕಟ್ ಮಾಡಬಹುದು. ಶನಿ ಭಾನೂನೂ ಕಟ್ ಮಾಡಬೇಕು ಅಂದ್ರೆ ಭಾಗಿಸೋದು 31ರಿಂದ ಆಗಬೇಕು. ಎಣಿಸೋಕೆ ಒಂದು ಕ್ಯಾಲೆಂಡರ್, ಭಾಗಿಸೋಕೆ ಇನ್ನೊಂದು ಇಟ್ಕೋಬಾರದು.

ನಂಬಿಕೆ ಬರ್ಲಿಲ್ಲ ಅಂದ್ರೆ ಹೀಗೆ ನೋಡಿ. ಒಬ್ಬ ಇಡೀ ಅಕ್ಟೋಬರ್ ಎಲ್‌ಒಪಿ ಇದ್ದ ಅನ್ಕೊಳ್ಳಿ, ಅವರ ಲೆಕ್ಕದಲ್ಲಿ 31 ದಿನ ಗುಣಿಸು 1,957, ಅಂದ್ರೆ 60,000 ದಾಟತ್ತೆ. ಸಂಬಳವೇ 45,000. ಆ ಮನುಷ್ಯ ಕಂಪನಿಗೇ ತಿರುಗಿ ದುಡ್ಡು ಕಟ್ಟಬೇಕು! ಈ ಪರೀಕ್ಷೆ ಯಾರಾದ್ರೂ ತಮ್ಮ ಪೇಸ್ಲಿಪ್ ಮೇಲೆ ಮಾಡಿ ನೋಡಬಹುದು.

ಬೇಸತ್ತ_ಬೆಂಗಳೂರಿಗ
ಅಯ್ಯೋ ದೇವ್ರೇ. ನಾನು ಪೇಸ್ಲಿಪ್ಪಲ್ಲಿ ಕೊನೇ ಸಾಲು ಬಿಟ್ಟು ಏನೂ ನೋಡೇ ಇಲ್ಲ ಇವತ್ತಿನವರೆಗೂ. ತಾಳಿ ಮಾರ್ಚ್‌ದು ತೆಗೀತೀನಿ.

ಹದಿನೆಂಟು_ಜನ
ಬೈಯೋಕೆ ಮುಂಚೆ ಈ ಕಡೆ ಮಾತೂ ಕೇಳಿ. ಜಯನಗರದಲ್ಲಿ ನಂದೊಂದು ಪುಟ್ಟ ಕಂಪನಿ, ಹದಿನೆಂಟು ಜನ. ಮೊದಲು ನಮ್ಮಲ್ಲಿ ಸ್ಯಾಂಡ್‌ವಿಚ್ ಇರ್ಲಿಲ್ಲ. ಒಂದು ಗಣೇಶ ಹಬ್ಬಕ್ಕೆ ಹನ್ನೊಂದು ಜನ ಹಿಂದೆ ಮುಂದೆ ಒಂದೊಂದು ದಿನ ಹಾಕ್ಕೊಂಡು ಐದೈದು ದಿನ ಮಾಯ, ಕಸ್ಟಮರ್ ಫೋನ್ ಎತ್ತೋಕೆ ನಾನೂ ನನ್ನ ಹೆಂಡ್ತೀನೂ ಕೂತಿದ್ವಿ. ಆಮೇಲೆ ರೂಲ್ ತಂದೆ. ದುಡ್ಡು ಉಳಿಸೋಕಲ್ಲ, ಎಲ್ರೂ ಒಂದೇ ಸಲ ಹೋಗ್ಬಾರ್ದು ಅಂತ.

ನಮ್ಮದು Frappe HR ಅನ್ನೋ ಸಾಫ್ಟ್‌ವೇರ್. ಅದ್ರಲ್ಲಿ ಪ್ರತಿ ಲೀವ್ ಟೈಪ್ ಒಳಗೆ `Include holidays within leaves as leaves` ಅಂತ ಒಂದು ಟಿಕ್ ಇದೆ, ಅಷ್ಟೇ. ಟಿಕ್ ಹಾಕಿದ್ರೆ ಮಧ್ಯದ ರಜೆ ಎಲ್ಲ ಲೀವಲ್ಲಿ ಸೇರತ್ತೆ, ಹಾಕದಿದ್ರೆ ಇಲ್ಲ. ಸಿಎಲ್‌ಗೆ ಟಿಕ್ ಇಲ್ಲ, ಇಎಲ್‌ಗೆ ಮಾತ್ರ ಇಟ್ಟಿದೀನಿ. ಆದ್ರೆ ಅದು ಒಂದು ಅಪ್ಲಿಕೇಶನ್ನಿನ ಮೊದಲ ದಿನದಿಂದ ಕೊನೇ ದಿನದವರೆಗೆ ಎಣಿಸತ್ತೆ. ಶುಕ್ರವಾರಕ್ಕೊಂದು ಮಂಗಳವಾರಕ್ಕೊಂದು ಬೇರೆ ಬೇರೆ ಹಾಕಿದ್ರೆ ಎರಡಕ್ಕೂ ಒಂದೊಂದೇ ದಿನ. ನಮ್ಮ ಹುಡುಗರು ಇದನ್ನ ಎರಡೇ ತಿಂಗಳಲ್ಲಿ ಕಂಡುಹಿಡಿದ್ರು 😂

ಸಾಗರದ_ಸಚಿ
ಸರ್ ಅದಕ್ಕೇ ನಮ್ಮ ಪೋರ್ಟಲಲ್ಲೂ ಎರಡೇ ತೋರಿಸಿದ್ದೇನೋ! ಅಂದ್ರೆ ಪೋರ್ಟಲ್ ಎರಡು ಅಂತು, ಆಮೇಲೆ ತಿಂಗಳ ಕೊನೇಲಿ ಪೇರೋಲಲ್ಲಿ ಯಾರೋ ಕೂತ್ಕೊಂಡು ಕೈಯಲ್ಲಿ ಐದು ಮಾಡಿದಾರೆ. ಹಾಗೆ ಮಾಡೋ ಹಾಗಿದ್ರೆ ಲೀವ್ ಹಾಕುವಾಗ್ಲೇ ಹೇಳಬಾರದಾ, ನಾನು ಶುಕ್ರವಾರ ಕೆಲಸ ಮಾಡಿ ರಾತ್ರಿ ಬಸ್ಸಿಗೆ ಹೋಗ್ತಿದ್ದೆ.

ಪೀಣ್ಯ_2ನೇ_ಹಂತ
ನಾನು ಪೀಣ್ಯದಲ್ಲಿ ಮೆಷಿನ್ ಶಾಪ್, 22 ವರ್ಷ ಸರ್ವಿಸ್. ನಮ್ಮಲ್ಲಿ ಹಳೇ ಮ್ಯಾನೇಜರ್ ಒಬ್ರು ಹಿಂಗೇ ಶುರು ಮಾಡಿದ್ರು. ನನ್ನ ತಂಗಿ ಮದುವೆಗೆ ಗುರುವಾರದಿಂದ ಮಂಗಳವಾರ ಇಎಲ್ ಹಾಕಿದ್ದೆ, ಭಾನುವಾರಾನೂ ಸೇರಿಸಿ ಆರು ಅಂದ್ರು. ಯೂನಿಯನ್ ಲೀಡರ್ ಫ್ಯಾಕ್ಟರೀಸ್ ಆಕ್ಟ್ ಪುಸ್ತಕ ತಗೊಂಡು ಆಫೀಸಿಗೇ ಹೋದ. 79ನೇ ಸೆಕ್ಷನ್, ಅದ್ರಲ್ಲೇ ಬರೆದಿತ್ತು, 20 ದಿನ ಕೆಲಸಕ್ಕೆ ಒಂದು ದಿನದ ಲೆಕ್ಕದಲ್ಲಿ ಬರೋ ರಜೆಯಲ್ಲಿ ಮಧ್ಯ ಬಂದ ರಜೆ ಆಗ್ಲಿ ತುದೀಲಿ ಬಂದ ರಜೆ ಆಗ್ಲಿ ಸೇರಿಸೋ ಹಾಗಿಲ್ಲ ಅಂತ. ಮಾತಾಡದೇ ಐದು ಮಾಡಿದ್ರು. ನಿಮ್ಮ ಕಂಪ್ಯೂಟರ್ ಕಂಪನಿಯವ್ರಿಗೆ ಯೂನಿಯನ್ ಅಂದ್ರೆ ನಾಚಿಕೆ, ಅದಕ್ಕೇ ಹಿಂಗೆ.

ರಾಜಾಜಿನಗರ_ರಘು
ಹಾಗಾದ್ರೆ ಸ್ಯಾಂಡ್‌ವಿಚ್ ರೂಲೇ ಕಾನೂನು ಬಾಹಿರ ಅಂತಾಯ್ತು! ಸಚಿ, ಕೇಸ್ ಹಾಕು.

ಪೇರೋಲ್_ಪದ್ಮಕ್ಕ
ರಘು ಮತ್ತೆ ಅವಸರ ಮಾಡ್ತಿದೀರ. ಪೀಣ್ಯ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಅದು ಫ್ಯಾಕ್ಟರಿಗೆ, ಅದೂ ಆ ಕಾಯ್ದೆ ಕೊಡ್ತಿದ್ದ ವಾರ್ಷಿಕ ರಜೆಗೆ. ಸಚಿ ಆಫೀಸು ಫ್ಯಾಕ್ಟರಿ ಅಲ್ಲ, ಅವರಿಗೆ ಬರೋದು ರಾಜ್ಯದ 1961ರ ಶಾಪ್ಸ್ ಆಂಡ್ ಕಮರ್ಷಿಯಲ್ ಎಸ್ಟಾಬ್ಲಿಷ್ಮೆಂಟ್ಸ್ ಕಾಯ್ದೆ.

ಸ್ಯಾಂಡ್‌ವಿಚ್ ಅನ್ನೋ ಪದ ಯಾವ ಕಾಯ್ದೇಲೂ ಇಲ್ಲ, ಅದು ಕಂಪನಿಗಳು ಕಟ್ಕೊಂಡ ರೂಲ್. ಹಾಗಾಗಿ ಕಾನೂನು ಕೊಟ್ಟ ರಜೆ ಯಾವುದು, ಕಂಪನಿ ತಾನಾಗಿ ಕೊಟ್ಟಿದ್ದು ಯಾವುದು ಅಂತ ದಿನದಿನಾನೂ ಬೇರೆ ಮಾಡ್ಕೋಬೇಕು. ಸಚಿಯ ಮೂರು ದಿನ ಮೂರು ಥರ ಇವೆ ನೋಡಿ, ಅದೇ ಮಜಾ. ಭಾನುವಾರ ವಾರದ ರಜೆ, ಕಾನೂನು ವಾರಕ್ಕೆ ಒಂದು ದಿನ ಕೊಡಲೇಬೇಕು ಅನ್ನತ್ತೆ. ಶನಿವಾರ ಹಾಗಲ್ಲ, ಎರಡನೇ ವೀಕಾಫ್ ಕಂಪನಿ ತನ್ನ ಇಷ್ಟದಿಂದ ಕೊಟ್ಟಿದ್ದು, ಅದಕ್ಕೆ ಅವರು ಷರತ್ತು ಹಾಕಿದ್ರೆ ಜಗಳ ಮಾಡೋದು ಕಷ್ಟ. ಸೋಮವಾರದ್ದು ಹಬ್ಬದ ರಜೆ, ಅದಕ್ಕೆ 1963ರ ಬೇರೆ ಕಾಯ್ದೆ ಇದೆ, ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ, ಅದ್ರ ಮೇಲೆ ಇನ್ನೈದು ಹಬ್ಬ, ಒಟ್ಟು ಹತ್ತು. ನಿಮ್ಮ ಕಂಪನಿ ಹತ್ತಕ್ಕಿಂತ ಜಾಸ್ತಿ ಕೊಡ್ತಿದ್ರೆ ನರಕಚತುರ್ದಶಿ ಆ ಹತ್ತರಲ್ಲಿದೆಯಾ ಅಥವಾ ಮೇಲಿಂದ ಕೊಟ್ಟಿದ್ದಾ ಅಂತ ನೋಡಬೇಕು. ನನ್ನ ಕೇಳಿದ್ರೆ ಭಾನುವಾರ, ಸೋಮವಾರಕ್ಕೆ ವಾದ ಮಾಡ್ತೀನಿ, ಶನಿವಾರ ಬಿಟ್ಟುಬಿಡ್ತೀನಿ.

ಹದಿನೆಂಟು_ಜನ
ಒಪ್ಪಲ್ಲ ಮೇಡಂ. ಬ್ಯಾಲೆನ್ಸ್ ಇಲ್ಲದೆ ಗೈರಾದವರ ಲೆಕ್ಕ ಬೇರೆ. ಅದು ಲೀವೇ ಅಲ್ಲ, ಬಂದಿಲ್ಲ ಅಷ್ಟೇ. ಹಾಗಿದ್ದಾಗ ಮಧ್ಯದ ಭಾನುವಾರಕ್ಕೂ ಸಂಬಳ ಯಾಕೆ ಕೊಡಬೇಕು? ವಾರ ಪೂರ್ತಿ ಬರದೇ ಇರೋನಿಗೆ ಭಾನುವಾರದ ಸಂಬಳ ಕೊಡೋದು ಯಾವ ನ್ಯಾಯ?

ಪೇರೋಲ್_ಪದ್ಮಕ್ಕ
ವಾರ ಪೂರ್ತಿ ಬರದೇ ಇದ್ದವರಿಗೆ ನಿಮ್ಮ ಮಾತು ಒಪ್ಪಿದೆ. ಆದ್ರೆ ಈ ಹುಡುಗ ಹಾಗಲ್ಲ, ಗುರುವಾರದವರೆಗೂ ಕೆಲಸ ಮಾಡಿದಾನೆ, ಗೈರಾದ ಎರಡೂ ದಿನಕ್ಕೂ ಬ್ಯಾಲೆನ್ಸ್ ಇತ್ತು, ಅಪ್ರೂವಲ್ ಇತ್ತು. ರೂಲ್ ಬಂದಿದ್ದಕ್ಕೇ ಬ್ಯಾಲೆನ್ಸ್ ಸಾಲದೇ ಎಲ್‌ಒಪಿ ಆಗಿದ್ದು. ಅಪ್ರೂವ್ಡ್ ಲೀವಿಗೂ ಗೈರುಹಾಜರಿಗೂ ಒಂದೇ ಕೋಲು ಬೀಸ್ತಿದಾರೆ ಅನ್ನೋದೇ ನನ್ನ ತಕರಾರು.

ಹದಿನೆಂಟು_ಜನ
ಅದು ನಿಮ್ಮ ಅಭಿಪ್ರಾಯ. ನನ್ನ ಆಡಿಟರ್ ಬೇರೆ ಹೇಳ್ತಾರೆ.

ಅಮ್ಮ_ಆದ್ಮೇಲೆ
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ನಾನು ಮೆಟರ್ನಿಟಿ ಲೀವಲ್ಲಿದ್ದೆ, 26 ವಾರ ಅಂದ್ರೆ 182 ದಿನ, ಶನಿ ಭಾನು ಹಬ್ಬ ಎಲ್ಲ ಅದ್ರೊಳಗೇ. ನನಗೆ ಆಗ ಸಿಟ್ಟು ಬಂದಿತ್ತು, ಅಷ್ಟು ಭಾನುವಾರ ಲೀವಲ್ಲೇ ಹೋಯ್ತಲ್ಲ, ಇದೂ ಸ್ಯಾಂಡ್‌ವಿಚ್ಚೇ ಅಲ್ವಾ ಅಂತ. ಇದಕ್ಕೇನಾದ್ರೂ ಕೇಳಬಹುದಾ?

ಪೇರೋಲ್_ಪದ್ಮಕ್ಕ
ಇಲ್ಲಮ್ಮ, ಇಲ್ಲಿ ಭಾನುವಾರ ಸೇರೋದು ನಿಮಗೇ ಒಳ್ಳೇದು. ಕಾಯ್ದೆ ವಾರದ ಲೆಕ್ಕದಲ್ಲಿ ಕೊಡತ್ತೆ, ವಾರ ಅಂದ್ರೆ ಏಳು ದಿನ. ಹಿಂದೆ ಕೊಯಮತ್ತೂರು ಕಡೆ ತೋಟದ ಕೆಲಸದ ಹೆಣ್ಮಗಳೊಬ್ಬರಿಗೆ ಭಾನುವಾರ ಬಿಟ್ಟು ಆರು ದಿನದ ಲೆಕ್ಕದಲ್ಲಿ ಹೆರಿಗೆ ಭತ್ಯೆ ಕೊಟ್ಟಿದ್ರು, ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ 1977ರಲ್ಲಿ ಭಾನುವಾರಕ್ಕೂ ದುಡ್ಡು ಕೊಡಬೇಕು ಅಂತ ತೀರ್ಪು ಬಂತು. ನಿಮ್ಮ 182 ದಿನಕ್ಕೂ ಸಂಬಳ ಬಂದಿದೆ ತಾನೇ? ಹಾಗಿದ್ರೆ ಏನೂ ಹೋಗಿಲ್ಲ. ಸಚಿದು ಉಲ್ಟಾ, ಅಲ್ಲಿ ಭಾನುವಾರ ಸೇರಿಸಿದ್ದು ಕೊಡೋಕಲ್ಲ, ಕಿತ್ಕೊಳ್ಳೋಕೆ.

ಅಮ್ಮ_ಆದ್ಮೇಲೆ
ಬಂದಿದೆ ಬಂದಿದೆ. ಥ್ಯಾಂಕ್ಸ್ ಅಕ್ಕ, ಎರಡು ವರ್ಷದಿಂದ ಸುಮ್ನೆ ಉರ್ಕೊಂಡಿದ್ದೆ.

ಸಾಗರದ_ಸಚಿ
ಪಾಲಿಸಿ ಪಿಡಿಎಫ್ ಸಿಕ್ತು, ಜಾಯ್ನಿಂಗ್ ದಿನ ಓದದೇ ಒಪ್ಪಿಗೆ ಒತ್ತಿದ್ದ ಫೈಲುಗಳಲ್ಲಿ ಇತ್ತು. ಅದ್ರಲ್ಲಿರೋದು ಇಷ್ಟು, ನಿರಂತರ ಲೀವ್ ಅವಧಿಯ ಮಧ್ಯ ಬರೋ ವಾರದ ರಜೆ ಮತ್ತು ಹಬ್ಬದ ರಜೆಯನ್ನ ಲೀವ್ ಅಂತ ಪರಿಗಣಿಸಲಾಗುತ್ತೆ. ಅಷ್ಟೇ ಒಂದು ಸಾಲು. ಬೇರೆ ಬೇರೆ ಅಪ್ಲಿಕೇಶನ್ ಹಾಕಿದ್ರೆ ಏನು, ಒಂದು ಸಿಎಲ್ ಒಂದು ಇಎಲ್ ಆದ್ರೆ ಏನು, ಅರ್ಧ ದಿನ ಕೆಲಸ ಮಾಡಿದ್ರೆ ಏನು, ಯಾವುದೂ ಇಲ್ಲ. ದುಡ್ಡಿನ ಲೆಕ್ಕಕ್ಕೆ ಇನ್ನೊಂದು ಪುಟದಲ್ಲಿ 'ಎಲ್‌ಒಪಿ ಕ್ಯಾಲೆಂಡರ್ ದಿನದ ಆಧಾರದ ಮೇಲೆ' ಅಂತ ಸ್ಪಷ್ಟವಾಗಿ ಇದೆ!

ಪೇರೋಲ್_ಪದ್ಮಕ್ಕ
ಹಾಗಾದ್ರೆ 5,870ಕ್ಕೆ ಅವರ ಹತ್ರ ಉತ್ತರ ಇಲ್ಲ. ಎರಡು ವಿಷಯ ಬೇರೆ ಬೇರೆ ಮೇಲ್ ಹಾಕಿ, ಒಂದಕ್ಕೊಂದು ಸೇರಿಸ್ಬೇಡಿ, ಸೇರಿಸಿದ್ರೆ ಕಷ್ಟದ್ದಕ್ಕೆ ಇಲ್ಲ ಅಂತ ಹೇಳಿ ಸುಲಭದ್ದನ್ನೂ ಮುಚ್ಚಿಹಾಕ್ತಾರೆ.

ಮೊದಲನೇದು ಪೇರೋಲ್‌ಗೆ. ನಿಮ್ಮ ಪಾಲಿಸಿ ಪ್ರಕಾರ ಭಾಗಿಸಬೇಕಾದ್ದು 31, ಭಾಗಿಸಿರೋದು 23, ವ್ಯತ್ಯಾಸ 1,515 ರೂಪಾಯಿ ವಾಪಸ್ ಕೊಡಿ ಅಂತ ಮೂರು ಸಾಲು. ನಿಮ್ಮದು ಐವತ್ತು ನೂರು ಜನರ ಆಫೀಸ್ ಆಗಿದ್ರೆ ಈ ತಪ್ಪು ನಿಮ್ಮೊಬ್ಬರಿಗೇ ಆಗಿರಲ್ಲ, ಸೆಟ್ಟಿಂಗಲ್ಲೇ ಇರತ್ತೆ.

ಎರಡನೇದು ಎಚ್‌ಆರ್‌ಗೆ. ಲೀವ್ ಹಾಕುವಾಗ ಪೋರ್ಟಲ್ ಎರಡು ದಿನ ಅಂತ ತೋರಿಸಿತ್ತು, ಅದನ್ನೇ ಅಪ್ರೂವ್ ಮಾಡಿದಾರೆ, ಆಮೇಲೆ ಐದು ಮಾಡಿದ್ದನ್ನ ನನಗೆ ಯಾರೂ ಹೇಳಿಲ್ಲ, ಎರಡು ಅಪ್ಲಿಕೇಶನ್ ಸೇರಿ ನಿರಂತರ ಲೀವ್ ಆಗತ್ತೆ ಅಂತ ಪಾಲಿಸೀಲಿ ಎಲ್ಲಿದೆ ತೋರಿಸಿ ಅಂತ. ಅಪ್ರೂವಲ್ ಸ್ಕ್ರೀನ್‌ಶಾಟ್ ಲಗತ್ತಿಸಿ. ಇದು ಗೆಲ್ಲತ್ತೆ ಅಂತ ನಾನು ಹೇಳಲ್ಲ, ನಾನೇ ಆ ಕಡೆ ಕೂತಿದ್ರೆ ಮಧ್ಯ ಒಂದು ದಿನಾನೂ ಕೆಲಸ ಆಗಿಲ್ಲ ಹಾಗಾಗಿ ನಿರಂತರ ಅಂತಾನೇ ವಾದ ಮಾಡ್ತಿದ್ದೆ.

ಪೀಣ್ಯ_2ನೇ_ಹಂತ
ಮೇಲ್ ಗೀಲ್ ಆದ್ಮೇಲೂ ಬಗ್ಗದಿದ್ರೆ ಡೈರಿ ಸರ್ಕಲ್ ಹತ್ರ ಕಾರ್ಮಿಕ ಭವನ ಇದೆ ಮಗಾ, ಬನ್ನೇರುಘಟ್ಟ ರೋಡು. ಅಲ್ಲಿ ಬರೆದುಕೊಟ್ರೆ ಹಿಂಬರಹ ಕೊಡ್ತಾರೆ. ಹೋಗುವಾಗ ಪೇಸ್ಲಿಪ್ಪು, ರಜೆ ಮಂಜೂರಾತಿ, ಅಪಾಯಿಂಟ್ಮೆಂಟ್ ಲೆಟರ್ ಮೂರೂ ಜೆರಾಕ್ಸ್ ತಗೊಂಡು ಹೋಗು.

ರಾಜಾಜಿನಗರ_ರಘು
1,515 ರೂಪಾಯಿಗೆ ಒಂದು ದಿನ ಲೀವ್ ಹಾಕ್ಕೊಂಡು ಬನ್ನೇರುಘಟ್ಟ ರೋಡಿಗೆ ಹೋಗೋದಾ 😂 ಶುಕ್ರವಾರ ಹೋಗ್ಬೇಡ ಆಯ್ತಾ

ಸಾಗರದ_ಸಚಿ
ಒಂದು ವಾರ ಆದ್ಮೇಲೆ ಅಪ್ಡೇಟ್. ಪೇರೋಲ್ ಮೇಲ್‌ಗೆ ಎರಡೇ ದಿನದಲ್ಲಿ ಉತ್ತರ ಬಂತು. ಸಾಫ್ಟ್‌ವೇರ್ ಬದಲಾಯಿಸಿದಾಗ ಭಾಗಿಸೋ ಸೆಟ್ಟಿಂಗ್ ತಪ್ಪಾಗಿ ಉಳಿದಿತ್ತಂತೆ, ನವೆಂಬರ್ ಸಂಬಳದಲ್ಲಿ 1,515 ಬರತ್ತೆ ಅಂದಿದಾರೆ. ನನ್ನ ಜೊತೆ ಇನ್ನೂ ನಾಲ್ಕು ಜನಕ್ಕೆ ಹಿಂಗೇ ಆಗಿತ್ತು, ಅವರಿಗೂ ಸರಿ ಮಾಡ್ತಾರಂತೆ, ಅದ್ರಲ್ಲಿ ಒಬ್ಬಳು ಕಾಫಿ ಕೊಡಿಸಿದ್ಲು.

ಎಚ್‌ಆರ್ ಮಾತ್ರ ಬಗ್ಗಿಲ್ಲ. ಎರಡು ಅಪ್ಲಿಕೇಶನ್ ಆದ್ರೂ ಲೀವ್ ಒಂದೇ, ಹಾಗಾಗಿ ಐದು ದಿನಾನೇ ಅಂದ್ರು. ನಾನು ಭಾನುವಾರ, ಸೋಮವಾರದ ಬಗ್ಗೆ ಪದ್ಮಕ್ಕ ಹೇಳಿದ ಹಾಗೆ ಕೇಳ್ದೆ, ಅದನ್ನ ಲೀಗಲ್‌ಗೆ ಕಳಿಸಿದೀವಿ ಅಂದಿದಾರೆ. ಅಲ್ಲಿಗೆ ಹೋಗಿದ್ದು ಯಾವಾಗ ಬರತ್ತೋ. ಇನ್ನೊಂದು ಕೇಳಿದ್ದಕ್ಕೆ ಮಾತ್ರ ಬರವಣಿಗೇಲಿ ಉತ್ತರ ಕೊಟ್ರು, ಶುಕ್ರವಾರ ಅರ್ಧ ದಿನ ಕೆಲಸ ಮಾಡಿ ಅರ್ಧ ದಿನ ಲೀವ್ ಹಾಕಿದ್ರೆ ಮಧ್ಯದ ರಜೆ ಲೆಕ್ಕಕ್ಕೆ ಬರಲ್ವಂತೆ. ಅಂದ್ರೆ ಆವತ್ತು ಮಧ್ಯಾಹ್ನದವರೆಗೆ ಮನೇಲೇ ಲ್ಯಾಪ್‌ಟಾಪ್ ತೆಗೆದು ಕೂತಿದ್ರೆ ಐದರ ಬದಲು ಒಂದೂವರೆ ದಿನ ಹೋಗ್ತಿತ್ತು. ಊರಲ್ಲಿ ನೆಟ್‌ವರ್ಕ್ ಬರತ್ತಾ ಅನ್ನೋದು ಬೇರೆ ಪ್ರಶ್ನೆ, ನಮ್ಮನೆ ಅಡಿಕೆ ತೋಟದ ಮೇಲಿನ ದಿಬ್ಬಕ್ಕೆ ಹತ್ತಿದ್ರೆ ಮಾತ್ರ ಎರಡು ಕಡ್ಡಿ.

ಪೇರೋಲ್_ಪದ್ಮಕ್ಕ
ಆ ಅರ್ಧ ದಿನದ ಮೇಲ್ ಡಿಲೀಟ್ ಮಾಡ್ಬೇಡಿ, ಮುಂದಿನ ವರ್ಷ ಎಚ್‌ಆರ್ ಬದಲಾದ್ರೆ ಅದೇ ಕೆಲಸಕ್ಕೆ ಬರೋದು.

ಬೇಸತ್ತ_ಬೆಂಗಳೂರಿಗ
ಮಾರ್ಚ್ ಪೇಸ್ಲಿಪ್ ತೆಗೆದೆ. ಎರಡು ದಿನ ಎಲ್‌ಒಪಿ, ಭಾಗಿಸಿದ್ದು 30ರಿಂದ, ಆದ್ರೆ ಮಾರ್ಚಲ್ಲಿ 31 ದಿನ ಅಲ್ವಾ? ಇದನ್ನೂ ಕೇಳಬಹುದಾ ಅಕ್ಕ?

ಪೇರೋಲ್_ಪದ್ಮಕ್ಕ
ಯಾವಾಗ್ಲೂ 30 ಅಂತ ಪಾಲಿಸೀಲಿದ್ರೆ ಸುಮ್ನಿರಿ, ಫೆಬ್ರವರೀಲಿ ಅದು ನಿಮಗೇ ಲಾಭ.

ಅಮ್ಮ_ಆದ್ಮೇಲೆ
ಈ ಡಿಸೆಂಬರ್ 25 ಗುರುವಾರ ಬಂದಿದೆ. 26 ಶುಕ್ರವಾರ ಒಂದು ಹಾಕಿದ್ರೆ ನಾಲ್ಕು ದಿನ ಸಿಗತ್ತೆ, ಅದು ಒಂದೇ ತಾನೇ?

ರಾಜಾಜಿನಗರ_ರಘು
ಒಂದೇ. ಗುರುವಾರ ಈ ತುದಿ, ಶನಿ ಭಾನು ಆ ತುದಿ, ಸೋಮವಾರ ಬಂದ್ರೆ ಆಯ್ತು. ಆದ್ರೆ 24 ಬುಧವಾರಾನೂ ಹಾಕಿದ್ರೆ ಗುರುವಾರ ಮಧ್ಯ ಸಿಕ್ಕಾಕೊಂಡು ಮೂರಾಗತ್ತೆ. ಸರಿ ಹೇಳಿದ್ನಾ ಪದ್ಮಕ್ಕ?

ಪೇರೋಲ್_ಪದ್ಮಕ್ಕ
ಸರಿ. ನೀವೂ ಒಂದು ಶುಕ್ರವಾರ ಹಾಕಿ ಎಲ್ಲಾದ್ರೂ ಹೋಗಿಬನ್ನಿ.